ಪರದೆಯ ಮೇಲೆ ಹೋದ ಕರೆಂಟು

ವರ್ಕ್‌ಶಾಪುಗಳ ಆ ಸಾಲಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ತಡೀರಿ ಮೇಡಂ. ಯಾರಾದರೂ ಮೇನ್ ಸ್ವಿಚ್ಚಿನ ಕಡೆ ಕೈ ಚಾಚಿದರೆ ಸಾಕು, ಆ ಉದ್ದನೆಯ ರೂಮಿನ ಯಾವುದೋ ಮೂಲೆಯಿಂದ "ತಡೀರಿ!" ಎಂಬ ಕೂಗು ಬಂದು ಕೈಯನ್ನು ಅಲ್ಲೇ ನಿಲ್ಲಿಸುತ್ತಿತ್ತು. ಮೊದಮೊದಲು ಜನ ಬೆಚ್ಚಿಬೀಳುತ್ತಿದ್ದರು, ಆಮೇಲೆ ನಕ್ಕರು, ಕೊನೆಗೆ ಅದನ್ನೇ ಹೆಸರು ಮಾಡಿಬಿಟ್ಟರು. ಪಕ್ಕದ ಲೇತ್ ಅಂಗಡಿಯವನಂತೂ ಟೀ ಲೋಟ ತುಟಿಗೆ ತರುವಾಗಲೂ ಅವಳ ಕಡೆ ತಿರುಗಿ, "ಕುಡೀಲಾ ಮೇಡಂ, ತಡೀಲಾ?" ಎಂದು ಕಾಲೆಳೆಯುತ್ತಿದ್ದ. ಅವಳೂ ಬಿಡುವವಳಲ್ಲ. "ನಿಮಗೆ ಕುಡಿಯೋದಕ್ಕೆ ಯಾವತ್ತು ನನ್ನ ಪರ್ಮಿಷನ್ ಬೇಕಾಗಿತ್ತು?" ಎನ್ನುತ್ತಿದ್ದಳು.

ಅವಳ ಕೆಲಸ ಕಂಟ್ರೋಲ್ ಪ್ಯಾನೆಲ್ ಕಟ್ಟುವುದು. ಹೊರಗಿನಿಂದ ನೋಡಿದರೆ ಒಂದು ಕಬ್ಬಿಣದ ಬೀರು, ಬಾಗಿಲ ಮೇಲೆ ಕೆಂಪು ಹಸಿರು ಗುಂಡಿಗಳು. ಒಳಗೆ ಮೋಟಾರಿಗೆ ಕರೆಂಟು ಕೊಡುವ, ಕಸಿಯುವ ದಪ್ಪ ಕಾಂಟ್ಯಾಕ್ಟರುಗಳು. ಅವಕ್ಕೆಲ್ಲ ಅಪ್ಪಣೆ ಕೊಡುವುದು ಮಾತ್ರ ಮೂಲೆಯಲ್ಲಿ ಕೂತಿರುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಂಟ್ರೋಲರು. ಆ ಕಂಟ್ರೋಲರಿನ ತಲೆಯೊಳಗೆ ಏನಿರಬೇಕು ಎಂದು ಬರೆಯುವವಳು ಇವಳು. ಯಾವ ಗುಂಡಿ ಒತ್ತಿದರೆ ಏನಾಗಬೇಕು, ಯಾವ ಬಾಗಿಲು ತೆರೆದಿದ್ದರೆ ಏನಾಗಬಾರದು. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡ ಕೆಲಸ. ಯಂತ್ರವನ್ನು ಓಡಿಸುವ ಪ್ರೋಗ್ರಾಂ ಯಾರು ಬೇಕಾದರೂ ಬರೆದಾರು. ಓಡಬಾರದ ಹೊತ್ತಿನಲ್ಲಿ ಅದನ್ನು ಸುಮ್ಮನೆ ಕೂರಿಸುವುದಕ್ಕೆ ಸ್ವಲ್ಪ ಪುಕ್ಕಲು ಸ್ವಭಾವ ಬೇಕು. ಆ ಸ್ವಭಾವ ಅವಳಿಗೆ ಬೇಕಾದಷ್ಟಿತ್ತು, ಅದನ್ನು ಮುಚ್ಚಿಡುವ ಅಭ್ಯಾಸವೂ ಅವಳಿಗಿರಲಿಲ್ಲ.

ಈ ಪುಕ್ಕಲುತನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ವರ್ಕ್‌ಶಾಪಿನ ಯಜಮಾನರಿಂದ ಬಂದದ್ದು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಜಮಾನರು ಯಾವುದನ್ನೂ ಕಂಪ್ಯೂಟರಿನಲ್ಲಿ ನೋಡುತ್ತಿರಲಿಲ್ಲ. ಕಟ್ಟಿದರು, ಮೋಟಾರು ಜೋಡಿಸಿದರು, ಸ್ವಿಚ್ ಹಾಕಿದರು, ಅಷ್ಟೆ. ಒಂದು ದಿನ ಹಿಂದಕ್ಕೂ ಮುಂದಕ್ಕೂ ತಿರುಗಬೇಕಾದ ಮೋಟಾರಿನ ಪ್ಯಾನೆಲ್ ಒಂದರಲ್ಲಿ ಹಿಂದಿನ ಕಾಂಟ್ಯಾಕ್ಟರು, ಮುಂದಿನ ಕಾಂಟ್ಯಾಕ್ಟರು ಎರಡೂ ಒಟ್ಟಿಗೆ ಕರೆಂಟು ಕೊಟ್ಟುಬಿಟ್ಟವು. ಢಂ ಎಂಬ ಸದ್ದು, ನೀಲಿ ಬೆಂಕಿ, ಇಡೀ ಸಾಲಿಗೆ ಕತ್ತಲೆ. ಹೊಗೆ ಇಳಿದ ಮೇಲೆ ನೋಡಿದರೆ ಯಜಮಾನರ ಒಂದು ಹುಬ್ಬೇ ಮಾಯ. ಜೀವಕ್ಕೇನೂ ಆಗಲಿಲ್ಲ. ಹುಬ್ಬು ಮತ್ತೆ ಬೆಳೆಯಿತು. ಆದರೆ ಆ ವಾರವೇ ಅವರು ಕಂಪ್ಯೂಟರು ತಂದರು, ಅದರಲ್ಲಿ ಸಿಮ್ಯುಲೇಟರು ಹಾಕಿಸಿದರು. ಸಿಮ್ಯುಲೇಟರು ಎಂದರೆ ಕಂಟ್ರೋಲರಿನ ಬದಲಿಗೆ ಕಂಪ್ಯೂಟರಿನೊಳಗೇ ಕೂತು ಅದೇ ಪ್ರೋಗ್ರಾಮನ್ನು ನಡೆಸುವ ಒಂದು ಸುಳ್ಳು ಕಂಟ್ರೋಲರು. ಪರದೆಯ ಮೇಲೆ ಗುಂಡಿ ಒತ್ತಿದರೆ ಪರದೆಯ ಮೇಲೇ ಮೋಟಾರು ತಿರುಗುತ್ತದೆ. ಸುಡುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

"ಏನೇನ್ ಅನಾಹುತ ಆಗಬೇಕೋ ಎಲ್ಲಾ ಇಲ್ಲೇ ಆಗಲಿ," ಎಂದು ಯಜಮಾನರು ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದರು. "ನನ್ನ ಕಣ್ಣಿಗೆ ಈ ಅಕ್ಷರ ಕಾಣಲ್ಲ ಕಣಮ್ಮ. ನೀನೇ ಕಲಿ."

ಕಲಿ ಎಂದು ಹೇಳುವುದು ಸುಲಭ. ಅವಳಿಗಾಗ ಗೊತ್ತಿದ್ದದ್ದು ವೈರಿನ ತುದಿ ಸುಲಿದು ಅದಕ್ಕೆ ಲಗ್ ಎಂಬ ಲೋಹದ ಟೊಪ್ಪಿ ಒತ್ತುವುದು ಮಾತ್ರ. ಕಲಿಯಬೇಕಾದರೆ ಸಂಜೆಯ ಕ್ಲಾಸಿಗೆ ಹೋಗಬೇಕು, ಹೋಗಬೇಕಾದರೆ ಸೊಂಟದ ಮೇಲಿನ ಕೂಸನ್ನು ಎಲ್ಲಾದರೂ ಇಳಿಸಬೇಕು. ಗಂಡ ವ್ಯಾನ್ ಓಡಿಸುವವನು, ಮನೆಗೆ ಬರುವ ಹೊತ್ತು ಅವನಿಗೇ ಗೊತ್ತಿರುತ್ತಿರಲಿಲ್ಲ. ಆಗ ಕೈ ಚಾಚಿದವಳು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ.

ಈ ಓರಗಿತ್ತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಓರಗಿತ್ತಿಯರೆಂದರೆ ಒಬ್ಬರಿಗೊಬ್ಬರು ಮೂಗು ಮುರಿಯುವವರು ಎಂದು ನಂಬಿದವರು ಇವಳನ್ನು ನೋಡಿಲ್ಲ. ಮೂಗು ಮುರಿಯುತ್ತಿದ್ದಳು, ಇಲ್ಲವೆನ್ನುವುದಿಲ್ಲ. ಆದರೆ ಮುರಿಯುತ್ತಲೇ ಕೂಸನ್ನು ಎತ್ತಿಕೊಂಡಿರುತ್ತಿದ್ದಳು. ಆಸ್ಪತ್ರೆ, ಲಾಡ್ಜುಗಳ ಬೆಡ್‌ಶೀಟು ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ದಿನವಿಡೀ ಇಸ್ತ್ರಿ ರೋಲರಿನ ಮುಂದೆ ನಿಂತು, ಕಾದು ತಿರುಗುವ ಎರಡು ಉರುಳೆಗಳ ನಡುವೆ ಒದ್ದೆ ಶೀಟು ತುರುಕಿ, ಸಂಜೆ ಮನೆಗೆ ಬಂದು, ಮುಖ ತೊಳೆಯುವ ಮೊದಲೇ "ಕೊಡಿಲ್ಲಿ, ನೀನು ಹೊರಡು" ಎಂದು ಕೈ ಚಾಚುತ್ತಿದ್ದಳು.

"ಅಕ್ಕಾ, ನಿನಗೂ ದಣಿವಾಗಿರುತ್ತೆ."

"ಆಗಿದೆ. ಅದಕ್ಕೇ ಬೇಗ ಹೋಗು ಅಂತಿರೋದು. ನೀನು ಎದುರಿಗಿದ್ರೆ ಮಾತಾಡ್ಬೇಕಾಗುತ್ತೆ. ಮಗು ಆದ್ರೆ ಸುಮ್ನೆ ಮಲಗುತ್ತೆ."

ಆ ಕೈಗಳಿಗೆ ಸೋಪಿನ, ಬಿಸಿ ಬಟ್ಟೆಯ ವಾಸನೆ. ಮಗುವಿಗೆ ಅದೇ ಅಭ್ಯಾಸವಾಗಿ, ಜ್ವರ ಬಂದರೆ ತಾಯಿಯನ್ನು ಬಿಟ್ಟು ದೊಡ್ಡಮ್ಮನ ಕೈಯನ್ನು ಹುಡುಕುತ್ತಿತ್ತು. ತಡೀರಿ ಮೇಡಂಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅಷ್ಟೇ ನೆಮ್ಮದಿಯೂ ಆಗುತ್ತಿತ್ತು. ಇವತ್ತು ತಾನು ಏನಾಗಿದ್ದೇನೋ ಅದರ ಅರ್ಧ ಆ ಎರಡು ಕೈಗಳ ಮೇಲೆ ನಿಂತಿದೆ ಎಂದು ಅವಳು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು. ಓರಗಿತ್ತಿಯ ಮುಂದೆ ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ "ಸಾಕು ಸುಮ್ನಿರೇ" ಎಂಬ ಬೈಗುಳ ಗ್ಯಾರಂಟಿ.

ಮಗು ಬೆಳೆದು ಶಾಲೆ ಮುಗಿಸುವ ಹೊತ್ತಿಗೆ ವರ್ಕ್‌ಶಾಪಿನಲ್ಲಿ ತಡೀರಿ ಮೇಡಂನ ಪದ್ಧತಿ ಗಟ್ಟಿಯಾಗಿ ಬೇರೂರಿತ್ತು. ಮೊದಲು ಸಿಮ್ಯುಲೇಟರಿನಲ್ಲಿ. ಅಲ್ಲಿ ಎಲ್ಲ ಸರಿಯಾದ ಮೇಲೆ ನಿಜವಾದ ಕಂಟ್ರೋಲರಿನಲ್ಲಿ, ಸಣ್ಣ ವೋಲ್ಟೇಜಿನಲ್ಲಿ, ಬರೀ ಪುಟ್ಟ ದೀಪಗಳು ಹತ್ತಿ ಆರುವುದನ್ನು ನೋಡುವುದು. ಆಮೇಲೆ ಮೋಟಾರಿನ ವೈರು ಬಿಚ್ಚಿಟ್ಟು ಕಾಂಟ್ಯಾಕ್ಟರುಗಳನ್ನು ಟಪಟಪ ಅನ್ನಿಸುವುದು. ಎಲ್ಲಕ್ಕಿಂತ ಕೊನೆಗೆ ಮೋಟಾರು. ಸಿಮ್ಯುಲೇಟರಿಗೆ ಪ್ರೋಗ್ರಾಂ ಗೊತ್ತೇ ಹೊರತು ವೈರು ಗೊತ್ತಿಲ್ಲ, ವೈರಿನ ತಪ್ಪು ವೈರಿನಲ್ಲೇ ಹುಡುಕಬೇಕು ಎನ್ನುತ್ತಿದ್ದಳು. ಇದೆಲ್ಲ ಬೇರೆಯವರೂ ಮಾಡುತ್ತಾರೆ. ಅವಳದೇ ಆದ ಒಂದು ಹಟ ಬೇರೆ ಇತ್ತು. ಆ ಯಂತ್ರವನ್ನು ನಾಳೆ ಯಾರು ನಡೆಸುತ್ತಾರೋ ಅವರೇ ಬಂದು ಸಿಮ್ಯುಲೇಟರಿನ ಮುಂದೆ ಕೂರಬೇಕು, ತಮ್ಮ ಇಡೀ ದಿನವನ್ನು ಪರದೆಯ ಮೇಲೆ ನಡೆಸಿ ತೋರಿಸಬೇಕು. ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳಿಕೊಡುವಂತಿಲ್ಲ. ಅವರು ತಪ್ಪು ಗುಂಡಿ ಒತ್ತಿದಷ್ಟೂ ಅವಳಿಗೆ ಖುಷಿ. ಈ ಕಾರ್ಯಕ್ರಮಕ್ಕೆ ಅವಳು ಇಟ್ಟಿದ್ದ ಹೆಸರು 'ಕೆಡಿಸೋ ಹೊತ್ತು'.

ಇಂಥ ಹೊತ್ತಿನಲ್ಲೇ ಲಾಂಡ್ರಿಯ ಕೆಲಸ ಬಂತು. ಓರಗಿತ್ತಿ ನಿಲ್ಲುವ ಅದೇ ಇಸ್ತ್ರಿ ರೋಲರಿನ ಹಳೇ ಪ್ಯಾನೆಲ್ ದಿನ ಬಿಟ್ಟು ದಿನ ಕೈಕೊಡುತ್ತಿತ್ತು. "ನಮ್ಮ ಮನೇಲೇ ಒಬ್ಬಳಿದ್ದಾಳೆ, ಮಾಡಿಕೊಡ್ತಾಳೆ" ಎಂದು ಓರಗಿತ್ತಿಯೇ ಮ್ಯಾನೇಜರಿಗೆ ಹೇಳಿದ್ದಳು. ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ಮನೆಗೆ ಬೆಂಕಿ ಬಿದ್ದವನಂತೆ ಅವಸರ. ಫೋನು ಕಿವಿಯಲ್ಲೇ ಅಂಟಿಕೊಂಡಿರುತ್ತಿತ್ತು. ಅವರದು ಒಂದೇ ಬೇಡಿಕೆ. ರೋಲರಿನಿಂದ ಎಷ್ಟು ಶೀಟು ದಾಟಿದವೆಂಬ ಎಣಿಕೆ ಪ್ಯಾನೆಲ್ ಮೇಲೆ ಕಾಣಬೇಕು, ಕರೆಂಟು ಹೋದರೂ ಆ ಎಣಿಕೆ ಅಳಿಸಿಹೋಗಬಾರದು. ಎಣಿಕೆಯ ವಿಷಯಕ್ಕೆ ಅವರಿಗೂ ಓರಗಿತ್ತಿಗೂ ವಾರಕ್ಕೊಂದು ಜಗಳ ತಪ್ಪುತ್ತಿರಲಿಲ್ಲ.

ಅದೇನು ಮಹಾ. ಕಂಟ್ರೋಲರಿನ ನೆನಪಿನಲ್ಲಿ ಇಂಥಿಂಥ ಜಾಗವನ್ನು ಕರೆಂಟು ಹೋದರೂ ಮರೆಯಬೇಡ ಎಂದು ಹೇಳಿಡಬಹುದು. ಅವಳು ಹೇಳಿಟ್ಟಳು. ಎಣಿಕೆ ಕೂತಿದ್ದ ಇಡೀ ಸಾಲನ್ನೇ ಗುರುತು ಹಾಕಿ, ಇದನ್ನು ಮರೆಯಬೇಡ ಎಂದಳು. ಆಮೇಲೆ ತಾನೇ ಕೂತು ಪರದೆಯ ಮೇಲೆ ಎಲ್ಲ ಪರೀಕ್ಷೆ ಮಾಡಿದಳು. ರೋಲರಿನ ಮುಂಭಾಗದಲ್ಲಿ ಬೆರಳು ಕಾಯುವ ಪಟ್ಟಿಗೆ ಏನಾದರೂ ತಗುಲಿದರೆ ರೋಲರು ನಿಂತಿತು. ಕೆಂಪು ಗುಂಡಿಗೆ ನಿಂತಿತು. ಮತ್ತೆ ಹಸಿರು ಒತ್ತುವ ತನಕ ಅಲ್ಲಾಡಲಿಲ್ಲ. ಈ ರೋಲರಿನ ಮುಂದೆ ನಿಲ್ಲುವ ಕೈಗಳು ಯಾರವು ಎಂಬುದು ಗೊತ್ತಿದ್ದುದರಿಂದ ಎಂದಿಗಿಂತ ಹೆಚ್ಚಾಗಿಯೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಈ ಸಲ ಕೆಡಿಸುವುದಕ್ಕೆ ಏನೂ ಉಳಿದಿಲ್ಲ ಎಂದು ಅವಳಿಗೆ ಅನ್ನಿಸಿತು.

ರಜೆಯ ದಿನ ಓರಗಿತ್ತಿ ಮದುವೆಮನೆಗೆ ಹೊರಟವಳಂತೆ ತಲೆ ಬಾಚಿಕೊಂಡು ವರ್ಕ್‌ಶಾಪಿಗೆ ಬಂದಳು. ಹಿಂದೆಯೇ ಮ್ಯಾನೇಜರು, ಕಿವಿಯಲ್ಲಿ ಫೋನು. ಯಜಮಾನರು ಮೂಲೆಯ ಸ್ಟೂಲಿನ ಮೇಲೆ ಕೂತು ಸ್ಕ್ರೂಗಳನ್ನು ಬೇರೆ ಮಾಡುತ್ತಿದ್ದರು. ತಡೀರಿ ಮೇಡಂ ಓರಗಿತ್ತಿಯನ್ನು ಕುರ್ಚಿಯಲ್ಲಿ ಕೂರಿಸಿ ಮೌಸನ್ನು ಕೈಗೆ ಕೊಟ್ಟಳು. ಪರದೆಯ ಮೇಲೆ ಎರಡು ರೋಲರು, ಗುಂಡಿಗಳು, ಎಣಿಕೆಯ ಒಂದು ಚೌಕ.

"ಇದು ಶಾಕ್ ಹೊಡೆಯಲ್ಲ ತಾನೆ?" ಓರಗಿತ್ತಿ ಮೌಸನ್ನು ಇಲಿಯನ್ನೇ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಿದ್ದಳು.

"ಹೊಡೆಯಲ್ಲ ಅಂತಲೇ ಅಕ್ಕಾ ನಿನ್ನ ಇಲ್ಲಿ ಕೂರಿಸಿರೋದು. ಬೆಳಗ್ಗೆ ಹೋಗಿ ಏನ್ ಮಾಡ್ತೀಯೋ ಅದನ್ನೇ ಮಾಡು."

"ಬೆಳಗ್ಗೆ ಹೋಗಿ ಮೊದ್ಲು ಇವರ ಹತ್ರ ಬೈಸ್ಕೊತೀನಿ. ಅದನ್ನ ಎಲ್ಲಿ ಒತ್ತಬೇಕು?"

ಮ್ಯಾನೇಜರು ಫೋನಿನಲ್ಲಿದ್ದುದರಿಂದ ಅವರಿಗೆ ಕೇಳಿಸಲಿಲ್ಲ. ಯಜಮಾನರ ಭುಜ ಕುಲುಕಿತು.

ಓರಗಿತ್ತಿ ಹಸಿರು ಒತ್ತಿದಳು, ರೋಲರು ತಿರುಗಿತು. ಒಂದೊಂದೇ ಶೀಟು ಹಾಕುತ್ತ ಹೋದಳು, ಎಣಿಕೆ ಏರಿತು. ಪಟ್ಟಿಗೆ ಕೈ ತಗುಲಿಸಿದಳು, ನಿಂತಿತು. ಕೆಂಪು ಒತ್ತಿದಳು, ಹಸಿರು ಒತ್ತಿದಳು, ಎರಡನ್ನೂ ಒಂದರ ಹಿಂದೊಂದು ಹತ್ತು ಸಲ ಕುಟ್ಟಿದಳು. ಎಲ್ಲಕ್ಕೂ ಪ್ರೋಗ್ರಾಂ ಸರಿಯಾಗಿಯೇ ಉತ್ತರ ಕೊಟ್ಟಿತು. ಎಣಿಕೆ ನಲವತ್ತು ದಾಟುವ ಹೊತ್ತಿಗೆ ಮ್ಯಾನೇಜರಿಗೆ ತಾಳ್ಮೆ ಮುಗಿಯಿತು.

"ಎಲ್ಲಾ ಸರಿಯಾಗಿದೆಯಲ್ಲ ಮೇಡಂ. ಇವತ್ತು ಮಧ್ಯಾಹ್ನವೇ ಕೂರಿಸಿಬಿಡೋಣ. ಆಸ್ಪತ್ರೆ ಶೀಟು ರಾಶಿ ಬಿದ್ದಿದೆ."

ಹೂಂ ಎನ್ನುವ ಮಾತು ತಡೀರಿ ಮೇಡಂನ ನಾಲಗೆಯ ತುದಿಯಲ್ಲೇ ಇತ್ತು. ಅವಳಿಗೂ ಎಲ್ಲ ಸರಿಯಾಗಿಯೇ ಕಂಡಿತ್ತು. ಮೌಸನ್ನು ಕೆಳಗಿಡದೆ ಕೂತಿದ್ದವಳು ಓರಗಿತ್ತಿ ಒಬ್ಬಳೇ.

"ಕರೆಂಟ್ ಹೋಗ್ಲೇ ಇಲ್ವಲ್ಲ," ಎಂದಳು. "ಇಡೀ ದಿನ ಮಾಡು ಅಂದೆ. ಕರೆಂಟ್ ಹೋಗದೆ ಇರೋ ದಿನ ಯಾವುದಿದೆ?"

"ಹೋದ್ರೆ ನೀನೇನ್ ಮಾಡ್ತೀಯ?"

"ಇನ್ನೇನ್ ಮಾಡ್ಲಿ, ಹಿಂದಕ್ಕೆ ಓಡ್ತೀನಿ. ರೋಲರು ಕಾದು ಕೆಂಡ ಆಗಿರುತ್ತೆ, ಶೀಟು ಅಲ್ಲೇ ನಿಂತ್ರೆ ಸುಟ್ಟುಹೋಗುತ್ತೆ. ಲಿವರ್ ಎಳೆದು ಸಡಿಲ ಮಾಡಿ, ಎರಡೂ ಕೈ ಹಾಕಿ ಹೀಗೆ ಎಳೀತೀನಿ." ಹೇಳುತ್ತ ಮೌಸು ಬಿಟ್ಟು, ಎರಡು ಕೈಗಳನ್ನೂ ಕೀಬೋರ್ಡಿನ ಮೇಲಿಂದ ಪರದೆಯ ಬುಡದ ತನಕ ಚಾಚಿದಳು.

ಬೆರಳು ಕಾಯುವ ಪಟ್ಟಿ ಇರುವುದು ಮುಂದೆ. ಹಿಂದೆ ಏನೂ ಇಲ್ಲ. ಆ ರೋಲರನ್ನು ತಡೀರಿ ಮೇಡಂ ಎಷ್ಟೋ ಸಲ ನೋಡಿದ್ದಳು, ಆದರೆ ಕರೆಂಟು ಹೋದಾಗ ಅದರ ಹಿಂದೆ ಏನು ನಡೆಯುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

"ಸರಿ, ಕರೆಂಟ್ ತೆಗೀತೀನಿ," ಎಂದು ಅವಳು ಸಿಮ್ಯುಲೇಟರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ರೋಲರು ಸುಮ್ಮನೆ ನಿಂತಿತ್ತು. "ನೋಡು, ಕರೆಂಟ್ ಬಂದ್ರೂ ತಿರುಗಲ್ಲ. ಹಸಿರು ಒತ್ತಿದ್ರೇನೇ."

ಓರಗಿತ್ತಿಯ ಕಣ್ಣು ರೋಲರಿನ ಮೇಲಿರಲಿಲ್ಲ. "ಅಯ್ಯೋ, ಎಣಿಕೆ ಎಲ್ಲಿ ಹೋಯ್ತೇ? ಸೊನ್ನೆ ತೋರಿಸ್ತಿದೆ!"

"ಏನ್ ಮೇಡಂ ಇದು," ಮ್ಯಾನೇಜರು ಫೋನನ್ನು ಕಿವಿಯಿಂದ ಕೆಳಗಿಳಿಸಿದರು, ಅವರ ಮಟ್ಟಿಗೆ ಅದು ದೊಡ್ಡ ಘಟನೆ. "ನಾನು ಕೇಳಿದ್ದೇ ಅದೊಂದನ್ನ!"

"ತಡೀರಿ," ಎಂದಳು ಅವಳು. ಈ ಸಲ ಕೂಗಲಿಲ್ಲ. ಮೆಲ್ಲಗೆ, ತನಗೇ ಹೇಳಿಕೊಂಡಂತೆ ಎಂದಳು.

ಎಣಿಕೆ ಸೊನ್ನೆಯಾಗಬಾರದಿತ್ತು. ಮರೆಯಬೇಡ ಎಂದು ಅವಳೇ ಹೇಳಿಟ್ಟಿದ್ದಳು. ಹಾಗಾದರೆ ಈಗ ಹೋದದ್ದು ಕರೆಂಟೇ ಅಲ್ಲ. ಆ ಸಿಮ್ಯುಲೇಟರನ್ನು ಶುರು ಮಾಡುವುದಕ್ಕೆ ಎರಡು ದಾರಿಗಳಿದ್ದವು. ಒಂದು, ಎಲ್ಲವನ್ನೂ ಅಳಿಸಿ, ಈಗಷ್ಟೇ ಹುಟ್ಟಿದ ಕೂಸಿನಂತೆ ಶುರು ಮಾಡುವುದು. ಇನ್ನೊಂದು, ಉಳಿಸಿಕೊಳ್ಳಬೇಕಾದ ನೆನಪನ್ನು ಉಳಿಸಿಕೊಂಡೇ ಶುರು ಮಾಡುವುದು. ನಿಜವಾದ ಕಂಟ್ರೋಲರು ಕರೆಂಟು ಹೋಗಿ ಬಂದಾಗ ಮಾಡುವುದು ಅದನ್ನೇ. ಪ್ರತಿ ಪರೀಕ್ಷೆಯೂ ಚೊಕ್ಕವಾಗಿರಲಿ ಎಂದು ಅವಳು ಯಾವಾಗಲೂ ಒತ್ತುತ್ತಿದ್ದದ್ದು ಮೊದಲನೆಯದನ್ನು. ಅಷ್ಟು ವರ್ಷದ ಅಭ್ಯಾಸ, ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಅಂದರೆ ಈ ಪ್ರೋಗ್ರಾಮಿನಲ್ಲಿ ಕರೆಂಟು ಹೋಗಿ ಬರುವುದನ್ನು ಅವಳು ಇವತ್ತಿನವರೆಗೆ ನೋಡಿಯೇ ಇರಲಿಲ್ಲ.

ತಾನೇ ಮೌಸು ಹಿಡಿದು ಮತ್ತೆ ರೋಲರು ಓಡಿಸಿದಳು. ಬೇಗ ಬೇಗ ಶೀಟು ಹಾಕಿ ಎಣಿಕೆಯನ್ನು ಏರಿಸಿದಳು. ರೋಲರು ಓಡುತ್ತಿರುವಾಗಲೇ ಸಿಮ್ಯುಲೇಟರನ್ನು ನಿಲ್ಲಿಸಿದಳು. ಈ ಸಲ ಎರಡನೆಯ ದಾರಿ ಒತ್ತಿದಳು.

ಎಣಿಕೆ ಎಲ್ಲಿತ್ತೋ ಅಲ್ಲೇ ಇತ್ತು. ರೋಲರು ತಿರುಗುತ್ತಿತ್ತು.

ಹಸಿರು ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ.

"ಭೇಷ್!" ಮ್ಯಾನೇಜರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು. "ಎಣಿಕೆನೂ ಬಂತು, ಅಲ್ಲಿಂದಲೇ ಓಡೋಕೂ ಶುರುವಾಯ್ತು! ಇದು ನೋಡಿ ಕೆಲಸ ಅಂದ್ರೆ!"

ತಡೀರಿ ಮೇಡಂ ಅವರ ಕಡೆ ನೋಡಲಿಲ್ಲ. ಓರಗಿತ್ತಿಯ ಕೈಗಳು ಇನ್ನೂ ಪರದೆಯ ಬುಡದಲ್ಲೇ ಚಾಚಿಕೊಂಡಿದ್ದವು, ಅವುಗಳ ಮೇಲೆ ಪರದೆಯಲ್ಲಿ ರೋಲರು ತಿರುಗುತ್ತಿತ್ತು.

"ಅಕ್ಕಾ," ಎಂದಳು. "ನಿನ್ನ ಕೈ ಈಗ ಒಳಗಿತ್ತು."

ಓರಗಿತ್ತಿ ಪರದೆಯನ್ನು ನೋಡಿದಳು, ತನ್ನ ಕೈಗಳನ್ನು ನೋಡಿದಳು. ಅವನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಮ್ಯಾನೇಜರ ಚಪ್ಪಾಳೆ ಅರ್ಧಕ್ಕೇ ನಿಂತಿತು. ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಲೇ ಇದ್ದರು, ಅವರು ಅದನ್ನು ಆರಿಸಿ ಜೇಬಿಗೆ ಹಾಕಿದರು.

ತಪ್ಪು ಹುಡುಕುವುದು ಕಷ್ಟವಾಗಲಿಲ್ಲ. ಎಣಿಕೆಗೆಂದು ಅವಳು ಗುರುತು ಹಾಕಿದ್ದ ನೆನಪಿನ ಸಾಲಿನಲ್ಲಿ, ಎಣಿಕೆಯ ಪಕ್ಕದಲ್ಲೇ, 'ಓಡುತ್ತಿದೆ' ಎಂಬ ಗುರುತೂ ಕೂತಿತ್ತು. ಎಣಿಕೆಯನ್ನು ಮರೆಯಬೇಡ ಎಂದಾಗ ಕಂಟ್ರೋಲರು ಓಟವನ್ನೂ ಮರೆಯದೆ ಇಟ್ಟುಕೊಂಡಿತ್ತು. ಕರೆಂಟು ಬಂದ ಕೂಡಲೇ, ನಾನು ಓಡುತ್ತಿದ್ದೆನಲ್ಲ, ಓಡಬೇಕು ತಾನೆ, ಎಂದು ಹೊರಡುತ್ತಿತ್ತು. ಪಾಪ, ಅದರ ತಪ್ಪೇನಿಲ್ಲ. ಹಳೆಯ ಪ್ಯಾನೆಲ್ ಎಷ್ಟೇ ಕೈಕೊಟ್ಟರೂ ಈ ವಿಷಯದಲ್ಲಿ ದೇವರಂಥದ್ದು. ಅದಕ್ಕೆ ನೆನಪೇ ಇರಲಿಲ್ಲ. ಕರೆಂಟು ಹೋದರೆ ಕಾಂಟ್ಯಾಕ್ಟರು ಬಿದ್ದುಹೋಗುತ್ತಿತ್ತು, ಗುಂಡಿ ಒತ್ತುವ ತನಕ ಮೇಲೇಳುತ್ತಿರಲಿಲ್ಲ. ಆ ಮರೆವನ್ನು ನಂಬಿಕೊಂಡೇ ಓರಗಿತ್ತಿ ಇಷ್ಟು ವರ್ಷ ಹಿಂದಿನಿಂದ ಕೈ ಹಾಕಿದ್ದಳು. ಹಾಗೆ ನಂಬಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ, ಅಷ್ಟೆ.

ತಡೀರಿ ಮೇಡಂ ಮುಖ ಮುಚ್ಚಿಕೊಂಡು ಕೂತಿದ್ದಳು. ಯಜಮಾನರು ಸ್ಕ್ರೂ ಡಬ್ಬಿ ಬದಿಗಿಟ್ಟು ಎದ್ದು ಬಂದರು.

"ಯಾಕಮ್ಮ ಅಳ್ತೀಯ? ಎಲ್ಲಿ ತಿರುಗ್ತು ರೋಲರು?"

"ಪರದೆ ಮೇಲೆ."

"ಮತ್ತೆ? ಪರದೆ ಮೇಲೆ ಸಿಕ್ಕಿದ ತಪ್ಪಿಗೆ ಅಳಬಾರದು, ಸಿಹಿ ಹಂಚಬೇಕು. ನನ್ನ ಹುಬ್ಬು ಕೇಳು, ಹೇಳುತ್ತೆ." ಹೀಗೆಂದು ಮ್ಯಾನೇಜರ ಕಡೆ ತಿರುಗಿದರು. "ಇವತ್ತು ಕೂರಿಸಲ್ಲ ಸಾರ್. ನಾಳೆನೂ ಇಲ್ಲ."

ಬೈಗುಳ ಬರುತ್ತದೆಂದು ಅವಳು ಕಾದಳು. ಮ್ಯಾನೇಜರು ಕುರ್ಚಿ ಎಳೆದುಕೊಂಡು ಕೂತರು. "ಎಷ್ಟು ದಿನ ಬೇಕೋ ತಗೊಳ್ಳಿ," ಎಂದರು. "ಶೀಟು ಹೊರಗೆ ಯಾರ ಹತ್ರನಾದ್ರೂ ಮಾಡಿಸ್ತೀನಿ. ನಾನು ಚಪ್ಪಾಳೆ ಬೇರೆ ತಟ್ಟಿದೆ ನೋಡಿ." ಅವರ ಮುಖ ಬಿಳಿಚಿಕೊಂಡಿತ್ತು. ಆ ಮನುಷ್ಯನ ಮೇಲೆ ಅವಳಿಗೆ ಮೊದಲ ಸಲ ಅಕ್ಕರೆ ಹುಟ್ಟಿತು.

'ಓಡುತ್ತಿದೆ' ಎಂಬ ಗುರುತನ್ನು ಆ ಸಾಲಿನಿಂದ ಎಬ್ಬಿಸಿ, ಕರೆಂಟು ಹೋದರೆ ಮರೆತುಹೋಗುವ ಜಾಗದಲ್ಲಿ ಕೂರಿಸಿದಳು. ಎಣಿಕೆಯೊಂದೇ ಹಳೆಯ ಜಾಗದಲ್ಲಿ ಉಳಿಯಿತು. ಒಂದು ಕಡೆ ಕೈ ಹಚ್ಚಿದರೆ ಎಲ್ಲವನ್ನೂ ಮೊದಲಿನಿಂದ ನೋಡಬೇಕೆಂಬುದು ಅವಳದೇ ಕಟ್ಟಳೆ, ನೋಡಿದಳು. ಈಗ ಓರಗಿತ್ತಿಗೂ ಹುಮ್ಮಸ್ಸು ಬಂದಿತ್ತು. "ಮಡಚಿದ ಶೀಟಿನ ಕಟ್ಟು ಹಸಿರು ಗುಂಡಿ ಮೇಲೆ ಒರಗಿಕೊಂಡಿರುತ್ತೆ ಒಂದೊಂದ್ಸಲ. ಆಗ ಕರೆಂಟ್ ಬಂದ್ರೆ?" ಎಂದು ಕೇಳಿದಳು. ನೋಡಿದರೆ ಅದಕ್ಕೂ ತಿರುಗಿತು. ಗುಂಡಿಯನ್ನು ಬಿಟ್ಟು ಹೊಸದಾಗಿ ಒತ್ತಿದರೆ ಮಾತ್ರ ಓಡಬೇಕು ಎಂದು ಅದನ್ನೂ ಸರಿ ಮಾಡಿದ್ದಾಯಿತು. ಪ್ರೋಗ್ರಾಮನ್ನೊಂದೇ ನಂಬಬಾರದೆಂದು, ಕರೆಂಟು ಹೋದರೆ ತಾನಾಗಿ ಬಿದ್ದುಹೋಗುವ ಹಳೇ ಕಾಲದ ರಿಲೇ ಒಂದನ್ನು ವೈರಿನಲ್ಲೇ ಸೇರಿಸಿದಳು. ಬಿದ್ದ ಮೇಲೆ ಅದನ್ನು ಕೈಯಿಂದ ಗುಂಡಿ ಒತ್ತಿ ಎಬ್ಬಿಸದೆ ಕಾಂಟ್ಯಾಕ್ಟರಿಗೆ ಕರೆಂಟೇ ಹೋಗುವುದಿಲ್ಲ. ರೋಲರಿನ ಹಿಂಬದಿಗೂ ಕೆಂಪು ಗುಂಡಿಯೊಂದು ಬಂತು. ಕೈ ಹಾಕುವ ಮೊದಲು ಅದನ್ನು ಒತ್ತಲೇಬೇಕೆಂದು ಓರಗಿತ್ತಿಯಿಂದ ಮಾತು ತೆಗೆದುಕೊಂಡಳು.

ಆಮೇಲೆ ಪುಟ್ಟ ದೀಪಗಳು, ಆಮೇಲೆ ಕಾಂಟ್ಯಾಕ್ಟರುಗಳ ಟಪಟಪ, ಕೊನೆಗೆ ಲಾಂಡ್ರಿಯಲ್ಲಿ ನಿಜವಾದ ಮೋಟಾರು. ಸಿಹಿಯನ್ನೂ ಹಂಚಿದಳು. ಏನು ಸಮಾಚಾರ ಎಂದು ಲೇತ್ ಅಂಗಡಿಯವನು ಕೇಳಿದ. "ತಪ್ಪು ಮಾಡಿ ಸಿಕ್ಕಿಬಿದ್ದೆ," ಎಂದಳು. ಅವನು ಎರಡು ತೆಗೆದುಕೊಂಡ.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಲಾಂಡ್ರಿಗೆ ಹೋದಳು. ಪ್ಯಾನೆಲ್ ಬಾಗಿಲಿನ ಒಂದು ದೀಪ ಮಿಣುಕುತ್ತಿದೆ ಎಂದು ಮ್ಯಾನೇಜರು ಹೇಳಿಕಳಿಸಿದ್ದರು. ಉದ್ದನೆಯ ಕೋಣೆ, ಆವಿ, ಗೋಡೆಯ ಮೇಲೆ ಫ್ಯಾನುಗಳ ಗರಗರ. ಓರಗಿತ್ತಿ ಶೀಟು ಹಾಕುತ್ತಲೇ ಗಲ್ಲ ಎತ್ತಿ, ಬಂದೆಯಾ ಎಂಬಂತೆ ನೋಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಓರಗಿತ್ತಿ ಓಡಿದಳು. ಆ ವಯಸ್ಸಿಗೆ ಅಂಥ ಓಟವನ್ನು ಯಾರೂ ನಿರೀಕ್ಷಿಸುವುದಿಲ್ಲ. ಹಿಂದೆ ಹೋದಳು, ಲಿವರ್ ಎಳೆದಳು, ಎರಡೂ ಕೈಗಳನ್ನು ಮೊಣಕೈ ತನಕ ಒಳಗೆ ಹಾಕಿದಳು. ಕೆಂಪು ಗುಂಡಿ ಅವಳ ಭುಜದ ಪಕ್ಕದಲ್ಲೇ ಇತ್ತು. ಅದನ್ನು ಒತ್ತಲು ಮರೆತಿದ್ದಳು. ಅಷ್ಟು ವರ್ಷದ ಅಭ್ಯಾಸ ಒಂದು ಮಾತು ತೆಗೆದುಕೊಂಡ ಮಾತ್ರಕ್ಕೆ ಹೋಗುತ್ತದೆಯೇ? ಅದು ಹೇಗೆ ಬೆರಳನ್ನು ಎಳೆದೊಯ್ಯುತ್ತದೆಂದು ತಡೀರಿ ಮೇಡಂಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಕೂಗಬೇಕೆಂದು ಅವಳು ಬಾಯಿ ತೆರೆದಳು. ಅವಳ ಹೆಸರೇ ಆಗಿಹೋಗಿದ್ದ ಆ ಮಾತು ಬಾಯಿಂದ ಹೊರಡುವ ಮೊದಲೇ ಕರೆಂಟು ಬಂತು. ಗೋಡೆಯ ಫ್ಯಾನುಗಳೆಲ್ಲ ಒಟ್ಟಿಗೆ ತಿರುಗಿದವು. ಪ್ಯಾನೆಲ್ ಮೇಲೆ ಎಣಿಕೆ ಬೆಳಗಿತು, ಬಿಟ್ಟಲ್ಲಿಂದ ಒಂದೂ ಕಡಿಮೆಯಾಗದೆ.

ರೋಲರು ನಿಂತೇ ಇತ್ತು.

ಓರಗಿತ್ತಿಗೆ ಕರೆಂಟು ಬಂದದ್ದೇ ಗೊತ್ತಾಗಲಿಲ್ಲ. ಗೊಣಗುತ್ತ, ಬಿಸಿಗೆ ಉಸ್ಸೆನ್ನುತ್ತ, ಶೀಟನ್ನು ಒಂದೂ ಕಲೆಯಾಗದಂತೆ ನಿಧಾನಕ್ಕೆ ಹೊರಗೆ ಎಳೆದುಕೊಂಡಳು. ಆಮೇಲೆ ತಲೆ ಎತ್ತಿ ಫ್ಯಾನು ನೋಡಿದಳು. "ಅಯ್ಯೋ, ಬಂದೇಬಿಟ್ಟಿದೆಯಲ್ಲ! ಕಂಬದ ಹಾಗೆ ನಿಂತಿದ್ದೀಯಲ್ಲೇ, ಹಸಿರು ಒತ್ತಬಾರದಾ?"

"ತಡಿ," ಎಂದಳು ತಡೀರಿ ಮೇಡಂ.

ರೋಲರನ್ನು ಸುತ್ತು ಹಾಕಿ ಹಿಂದೆ ಹೋದಳು. ಭುಜದ ಪಕ್ಕದ ಕೆಂಪು ಗುಂಡಿಯನ್ನು ತಾನೇ ಒತ್ತಿದಳು. ಆಮೇಲೆ ಓರಗಿತ್ತಿಯ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ತೆಗೆದುಕೊಂಡು ಹಿಡಿದುಕೊಂಡಳು. ಬೆಚ್ಚಗಿದ್ದವು. ಅದೇ ಸೋಪಿನ ವಾಸನೆ, ಬಿಸಿ ಬಟ್ಟೆಯ ವಾಸನೆ. ಮಗಳು ಜ್ವರದಲ್ಲಿ ಹುಡುಕುತ್ತಿದ್ದ ಬೆರಳುಗಳು, ಹತ್ತಕ್ಕೆ ಹತ್ತು. ಕಂಪ್ಯೂಟರು ತಂದ ಯಜಮಾನರಿಗೆ, ಅವರ ಸುಟ್ಟ ಹುಬ್ಬಿಗೆ, ಎಣಿಕೆ ಎಣಿಕೆ ಎಂದು ಜೀವ ತಿಂದ ಮ್ಯಾನೇಜರಿಗೆ, ಎಣಿಕೆ ಎಲ್ಲಿ ಹೋಯ್ತೇ ಎಂದು ಕೇಳಿದ ಈ ಬಾಯಿಗೆ, ಎಲ್ಲರಿಗೂ ಅವಳು ಮನಸ್ಸಿನಲ್ಲೇ ಕೈ ಮುಗಿದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕೆಂದರೆ ಆ ಕೈಗಳನ್ನು ಬಿಡಬೇಕಿತ್ತು.

ಓರಗಿತ್ತಿ ಗಾಬರಿಯಾದಳು. "ಏನೇ? ಯಾಕೇ? ಏನಾಯ್ತು?"

"ಏನೂ ಆಗ್ಲಿಲ್ಲ ಅಕ್ಕಾ," ಎಂದಳು ಅವಳು. "ಏನೂ ಆಗ್ಲಿಲ್ಲ."